ಜಾಹೀರಾತು ಖಾತೆಯ ಕೀಲಿ ಯಾರ ಕೈಯಲ್ಲಿದೆ?

2021ರ ಜೂನ್ ಕೊನೆಯಲ್ಲಿ ಫೇಸ್‌ಬುಕ್ ಕಂಪನಿಯು ವಿಯೆಟ್ನಾಂನಲ್ಲಿ ನೆಲೆಸಿದ್ದ ನಾಲ್ವರ ಮೇಲೆ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿತು. ಜಾಹೀರಾತು ಖಾತೆಗಳನ್ನು ಮೊಬೈಲಿನಲ್ಲೇ ನೋಡಿಕೊಳ್ಳಬಹುದೆಂದು ಹೇಳಿಕೊಳ್ಳುವ ಒಂದು ಆ್ಯಪ್ ಅನ್ನು ಅವರು ಪ್ಲೇ ಸ್ಟೋರ್‌ನಲ್ಲಿ ಇಟ್ಟಿದ್ದರು. ಜಾಹೀರಾತು ಏಜೆನ್ಸಿಗಳ ಸಿಬ್ಬಂದಿ ಅದನ್ನು ಹಾಕಿಕೊಂಡು ಲಾಗಿನ್ ಆದರು. ಅಲ್ಲಿಂದಾಚೆಗೆ ಆ ಸಿಬ್ಬಂದಿಗೆ ಯಾವ ಖಾತೆಗಳ ಮೇಲೆ ಅಧಿಕಾರವಿತ್ತೋ ಅವೆಲ್ಲವೂ ಕಳ್ಳರ ಕೈಗೆ ಬಂದವು. ಹೀಗೆ ಬೇರೆಯವರ ಖಾತೆಗಳಿಂದ ಓಡಿಸಿದ ಜಾಹೀರಾತುಗಳ ಮೌಲ್ಯ 3.6 ಕೋಟಿ ಡಾಲರ್‌ಗೂ ಹೆಚ್ಚು ಎಂದು ಕಂಪನಿ ಹೇಳಿತು.

ಇಷ್ಟು ದೊಡ್ಡ ಕಳವಿಗೆ ಯಾರೂ ಫೇಸ್‌ಬುಕ್‌ನ ಗೋಡೆ ಒಡೆಯಲಿಲ್ಲ. ಏಜೆನ್ಸಿಯ ನೌಕರನೊಬ್ಬನ ಬಳಿ ಇದ್ದ ಅಧಿಕಾರವೇ ಸಾಕಾಯಿತು. ಜಾಹೀರಾತಿನ ವ್ಯವಹಾರದಲ್ಲಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಶಿಥಿಲವಾಗುತ್ತ ಬಂದಿರುವುದು ಇದೇ ಅಧಿಕಾರದ ಶಿಸ್ತು. ಪತ್ರಿಕೆಗೆ ಜಾಹೀರಾತು ಕೊಡುವ ಕಾಲದಲ್ಲಿ ಬಿಡುಗಡೆ ಆದೇಶ ಇರುತ್ತಿತ್ತು, ಅದರ ಮೇಲೆ ಸಹಿ ಇರುತ್ತಿತ್ತು, ಯಾವ ದಿನ ಎಷ್ಟು ಜಾಗ ಎಂಬುದು ಬರಹದಲ್ಲಿ ಇರುತ್ತಿತ್ತು. ಸಹಿಯಿಲ್ಲದೆ ಒಂದು ಕಾಲಂ ಸೆಂಟಿಮೀಟರ್ ಕೂಡ ಅಚ್ಚಾಗುತ್ತಿರಲಿಲ್ಲ. ಈಗ ಅಂಗಡಿಯ ಮಾಲೀಕರಿಗೆ ಏಜೆನ್ಸಿಯ ಹುಡುಗ ಫೋನ್ ಮಾಡಿ, "ಅಕ್ಕ, ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬಂದಿರುತ್ತೆ, ವಾಟ್ಸಾಪ್ ಮಾಡಿಬಿಡಿ" ಎನ್ನುತ್ತಾನೆ. ಅವರೂ ಕಳಿಸಿಬಿಡುತ್ತಾರೆ. ಆ ಕ್ಷಣದಲ್ಲಿ ತಮ್ಮ ಅಂಗಡಿಯ ಹೆಸರು, ಬ್ಯಾಂಕ್ ಕಾರ್ಡು, ವರ್ಷಗಟ್ಟಲೆ ಕೂಡಿಬಂದ ಗಿರಾಕಿಗಳ ಮಾಹಿತಿ, ಎಲ್ಲದರ ಕೀಲಿ ಯಾರ ಯಾರ ಕೈ ಸೇರಿತು ಎಂಬುದು ಅವರಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ಏಜೆನ್ಸಿಗೂ ಗೊತ್ತಿರುವುದಿಲ್ಲ.

ಇದು ಏಜೆನ್ಸಿ ಮತ್ತು ಗ್ರಾಹಕರ ನಡುವಿನ ಖಾಸಗಿ ವಿಷಯ, ಸಂಪಾದಕೀಯಕ್ಕೆ ಯಾಕೆ ಎಂದು ಕೇಳುವವರಿದ್ದಾರೆ. ಆದರೆ ಕಳವಾದ ಖಾತೆಯಲ್ಲಿ ಕಳ್ಳರು ಓಡಿಸುವುದು ಸೀರೆಯ ಜಾಹೀರಾತಲ್ಲ. ಹಣ ದುಪ್ಪಟ್ಟು ಮಾಡುವ ಷೇರು ಗುಂಪುಗಳು, ನಕಲಿ ಸಾಲದ ಆ್ಯಪ್‌ಗಳು, ಇಲ್ಲದ ಔಷಧಿಗಳು ಅಲ್ಲಿ ಬರುತ್ತವೆ. ಹೊಸದಾಗಿ ತೆರೆದ ಖಾತೆಯಲ್ಲಿ ಇಂಥದನ್ನು ಹಾಕಿದರೆ ವೇದಿಕೆಯ ತಪಾಸಣೆಗೆ ಬೇಗ ಸಿಕ್ಕಿಬೀಳುತ್ತದೆ. ವರ್ಷಗಳಿಂದ ಸರಿಯಾಗಿ ಬಿಲ್ ಕಟ್ಟಿಕೊಂಡು ಬಂದ ಆಸ್ಪತ್ರೆಯ ಖಾತೆಯೋ ಕಾಲೇಜಿನ ಖಾತೆಯೋ ಆದರೆ ಸ್ವಲ್ಪ ಹೊತ್ತಾದರೂ ಬಾಳುತ್ತದೆ. ಹಾಗಾಗಿ ಹಳೆಯ, ಒಳ್ಳೆಯ ಹೆಸರಿನ ಖಾತೆಗೇ ಕಳ್ಳರಲ್ಲಿ ಬೇಡಿಕೆ ಹೆಚ್ಚು. ಊರಿನ ಜನ ನಂಬಿದ ಹೆಸರಿನ ಕೆಳಗೆ ಮೋಸದ ಜಾಹೀರಾತು ಬಂದಾಗ ಹಣ ಕಳೆದುಕೊಳ್ಳುವವರು ಆ ಹೆಸರನ್ನು ನಂಬಿದ ನಿವೃತ್ತ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ. ಏಜೆನ್ಸಿಯ ಸಡಿಲತನಕ್ಕೆ ಬೆಲೆ ತೆರುವವರು ಅದರ ಗ್ರಾಹಕರ ಪಟ್ಟಿಯಲ್ಲೇ ಇಲ್ಲದ ಜನ.

ಈ ಕಳವು ನಡೆಯುವ ಬಗೆಯನ್ನು ತಿಳಿಯದೆ ಕಾವಲು ಹಾಕಲಾಗದು. 2022ರಲ್ಲಿ ಫಿನ್ಲೆಂಡಿನ ಭದ್ರತಾ ಸಂಸ್ಥೆ ವಿತ್‌ಸೆಕ್ಯೂರ್ ಒಂದು ಜಾಲವನ್ನು ಪತ್ತೆಹಚ್ಚಿ ಅದಕ್ಕೆ ಡಕ್‌ಟೇಲ್ ಎಂದು ಹೆಸರಿಟ್ಟಿತು. ಅದರ ಕೆಲಸದ ಕ್ರಮ ನೋಡಿ. ಲಿಂಕ್ಡ್‌ಇನ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸದಲ್ಲಿರುವವರನ್ನು, ಅಂದರೆ ಜಾಹೀರಾತು ಖಾತೆಗಳ ಮೇಲೆ ದೊಡ್ಡ ಅಧಿಕಾರ ಇರಬಹುದಾದವರನ್ನು ಹುಡುಕಿ ಆರಿಸುವುದು. ಅವರಿಗೆ ಹೊಸ ಪ್ರಾಜೆಕ್ಟಿನ ವಿವರ, ಉತ್ಪನ್ನದ ಚಿತ್ರಗಳು, ಬಜೆಟ್ ಯೋಜನೆ ಎಂದು ಹೇಳಿ ಒಂದು ಜಿಪ್ ಫೈಲ್ ಕಳಿಸುವುದು. ಒಳಗೆ ನಾಲ್ಕು ನಿಜವಾದ ಚಿತ್ರಗಳು, ಅವುಗಳ ನಡುವೆ ಪಿಡಿಎಫ್‌ನಂತೆ ಕಾಣುವ, ಆದರೆ ಹೆಸರಿನ ಕೊನೆಯಲ್ಲಿ .exe ಇರುವ ಒಂದು ಫೈಲು. ವಿಂಡೋಸ್ ಸಾಮಾನ್ಯವಾಗಿ ಆ ಕೊನೆಯ ಮೂರಕ್ಷರವನ್ನು ಮರೆಮಾಡುವುದರಿಂದ ಕಣ್ಣಿಗೆ ಬೀಳುವುದು ಪಿಡಿಎಫ್‌ನ ಚಿಹ್ನೆ ಮಾತ್ರ.

ಅದನ್ನು ತೆರೆದರೆ ಪಾಸ್‌ವರ್ಡ್ ಕೇಳುವುದಿಲ್ಲ, ಓಟಿಪಿ ಕೇಳುವುದಿಲ್ಲ. ಬ್ರೌಸರ್‌ನಲ್ಲಿ ಉಳಿದಿರುವ ಕುಕಿಗಳನ್ನು ಎತ್ತಿಕೊಂಡು ಹೋಗುತ್ತದೆ. ನಾವು ಒಮ್ಮೆ ಲಾಗಿನ್ ಆದ ಮೇಲೆ ಪ್ರತಿಸಲವೂ ಓಟಿಪಿ ಕೇಳದಿರಲೆಂದು ವೇದಿಕೆ ನಮ್ಮ ಬ್ರೌಸರ್‌ಗೆ ಕೊಟ್ಟಿರುವ ಗುರುತಿನ ಚೀಟಿ ಆ ಕುಕಿ. ಅದು ಕಳ್ಳನ ಬಳಿ ಇದ್ದರೆ ಅವನು ಲಾಗಿನ್ ಆಗಬೇಕಾದ್ದೇ ಇಲ್ಲ, ಆಗಲೇ ಒಳಗಿರುತ್ತಾನೆ. "ನಮ್ಮಲ್ಲಿ ಟೂ ಫ್ಯಾಕ್ಟರ್ ಇದೆ, ಏನೂ ಆಗಲ್ಲ" ಎಂದು ಹೇಳುವ ಏಜೆನ್ಸಿಗಳು ಗಮನಿಸಬೇಕಾದ್ದು ಇದನ್ನೇ. ಎರಡನೇ ಹಂತದ ದೃಢೀಕರಣ ಬಾಗಿಲಲ್ಲಿ ನಿಲ್ಲುತ್ತದೆ, ಈಗಾಗಲೇ ಒಳಗೆ ಬಂದವನನ್ನು ಅದು ತಡೆಯುವುದಿಲ್ಲ. ಹಾಗೆಂದು ಅದು ಬೇಡವೆಂದಲ್ಲ. ಮೆಟಾದ ಬಿಸಿನೆಸ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಎಲ್ಲರಿಗೂ ಕಡ್ಡಾಯ ಮಾಡುವ ಆಯ್ಕೆ ಇದೆ, ಅದನ್ನು ಇವತ್ತೇ ಮಾಡಬೇಕು. ಆದರೆ ಅದೊಂದನ್ನೇ ನಂಬಿ ಕೂರಬಾರದು.

ಒಳಗೆ ಬಂದ ಡಕ್‌ಟೇಲ್ ಮೊದಲು ಮಾಡುವ ಕೆಲಸ ಜಾಹೀರಾತು ಹಾಕುವುದಲ್ಲ. ತನ್ನ ಇಮೇಲ್ ವಿಳಾಸವನ್ನು ಆ ಬಿಸಿನೆಸ್ ಖಾತೆಗೆ ಅಡ್ಮಿನ್ ಆಗಿ, ಹಣಕಾಸಿನ ವಿವರ ತಿದ್ದುವ ಅಧಿಕಾರದೊಂದಿಗೆ ಸೇರಿಸಿಕೊಳ್ಳುತ್ತದೆ. ಆಮೇಲೆ ನೌಕರ ತನ್ನ ಪಾಸ್‌ವರ್ಡ್ ಬದಲಿಸಿದರೂ ಪ್ರಯೋಜನವಿಲ್ಲ, ಕಳ್ಳನೀಗ ತನ್ನದೇ ಹೆಸರಿನಲ್ಲಿ ಮಾಲೀಕ. 2025ರ ಜನವರಿಯಲ್ಲಿ ಮಾಲ್‌ವೇರ್‌ಬೈಟ್ಸ್ ಸಂಸ್ಥೆ ಬಯಲು ಮಾಡಿದ ಇನ್ನೊಂದು ಮೋಸವೂ ಹೀಗೇ ಮುಗಿಯುತ್ತದೆ. ಗೂಗಲ್‌ನಲ್ಲಿ "ಗೂಗಲ್ ಆ್ಯಡ್ಸ್" ಎಂದು ಹುಡುಕಿದವರಿಗೆ ಎಲ್ಲಕ್ಕಿಂತ ಮೇಲೆ ಒಂದು ಜಾಹೀರಾತು ಕಾಣುತ್ತಿತ್ತು. ವಿಳಾಸ ಗೂಗಲ್‌ನದೇ, ಏಕೆಂದರೆ ಮೋಸದ ಪುಟವನ್ನು ಗೂಗಲ್ ಸೈಟ್ಸ್‌ನಲ್ಲೇ ಕಟ್ಟಿದ್ದರು. ಒತ್ತಿದವರು ನಕಲಿ ಲಾಗಿನ್ ಪುಟಕ್ಕೆ ಹೋಗಿ ಪಾಸ್‌ವರ್ಡ್ ಕೊಡುತ್ತಿದ್ದರು, ಕಳ್ಳರು ಒಳಗೆ ಬಂದು ಮತ್ತೊಬ್ಬ ಅಡ್ಮಿನ್‌ನನ್ನು ಸೇರಿಸುತ್ತಿದ್ದರು. ಕೆಲಸಕ್ಕೆ ಕೂತಾಗ ಹುಡುಕಾಟದಿಂದ ಲಾಗಿನ್ ಪುಟಕ್ಕೆ ಹೋಗುವ ಅಭ್ಯಾಸ ಬಿಟ್ಟು, ಬುಕ್‌ಮಾರ್ಕ್‌ನಿಂದ ಹೋಗುವುದು ಎಂಥ ಸಣ್ಣ ವಿಷಯ. ಆದರೂ ಈ ಮೋಸಕ್ಕೆ ಅದಷ್ಟೇ ಮದ್ದು.

ಈಗ ಒಂದು ಏಜೆನ್ಸಿಯನ್ನು ಕಲ್ಪಿಸಿಕೊಳ್ಳೋಣ. ಬಸವನಗುಡಿಯ ಎರಡನೇ ಮಹಡಿಯಲ್ಲಿ ಹನ್ನೆರಡು ಜನ, ನಲವತ್ತು ಗ್ರಾಹಕರು. ದಾವಣಗೆರೆಯ ಸೀರೆ ಅಂಗಡಿ, ಹುಬ್ಬಳ್ಳಿಯ ಪಿಯು ಕಾಲೇಜು, ಉಡುಪಿಯ ದಂತವೈದ್ಯರು, ಚಿಕ್ಕಮಗಳೂರಿನ ಹೋಂಸ್ಟೇ. ಗೂಗಲ್‌ನಲ್ಲಿ ಎಲ್ಲರ ಖಾತೆಗಳೂ ಒಂದು ಮ್ಯಾನೇಜರ್ ಖಾತೆಯ ಕೆಳಗಿವೆ. ಈ ಕಸುಬಿನವರು ಅದನ್ನು ಎಂಸಿಸಿ ಎನ್ನುತ್ತಾರೆ. ಕೆಲಸ ಸಲೀಸಾಗಲಿ ಎಂದು ಹನ್ನೆರಡು ಜನರಲ್ಲಿ ಎಂಟು ಜನಕ್ಕೆ ಆ ಎಂಸಿಸಿಯ ಮೇಲೆಯೇ ಅಡ್ಮಿನ್ ಅಧಿಕಾರ. ಮೆಟಾದಲ್ಲೂ ಹಾಗೆಯೇ, ನಲವತ್ತು ಜಾಹೀರಾತು ಖಾತೆಗಳೂ ಏಜೆನ್ಸಿಯ ಒಂದೇ ಬಿಸಿನೆಸ್ ಪೋರ್ಟ್‌ಫೋಲಿಯೊದಲ್ಲಿ ಹುಟ್ಟಿದಂಥವು. ವಠಾರದ ನಲವತ್ತು ಮನೆಗೂ ಒಂದೇ ಬೀಗದ ಕೈ ಮಾಡಿಸಿ ಎಂಟು ಜನರಿಗೆ ಹಂಚಿದ ಹಾಗೆ. ಅವರಲ್ಲಿ ಮೊನ್ನೆ ತಾನೆ ಸೇರಿದ ಟ್ರೇನಿ ಒಂದು ಜಿಪ್ ಫೈಲ್ ತೆರೆದರೆ ನಲವತ್ತು ಗ್ರಾಹಕರ ಖಾತೆಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಮೊದಲ ತಪ್ಪು ನಡೆದಿರುವುದು ಮಾಲೀಕತ್ವದಲ್ಲಿ. ಮೆಟಾದಲ್ಲಿ ಒಂದು ಜಾಹೀರಾತು ಖಾತೆಗೆ ಒಂದೇ ಒಂದು ಬಿಸಿನೆಸ್‌ನ ಒಡೆತನ ಇರಲು ಸಾಧ್ಯ. ಏಜೆನ್ಸಿಯ ಪೋರ್ಟ್‌ಫೋಲಿಯೊದಲ್ಲಿ ಹುಟ್ಟಿದ ಖಾತೆ ಏಜೆನ್ಸಿಯದು, ಅದನ್ನು ಆಮೇಲೆ ಗ್ರಾಹಕರ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲ. ನಾಳೆ ಆ ಸೀರೆ ಅಂಗಡಿಯವರು ಏಜೆನ್ಸಿ ಬದಲಿಸಿದರೆ ಐದು ವರ್ಷದ ಜಾಹೀರಾತಿನ ಚರಿತ್ರೆಯನ್ನು, ಯಾವ ಊರಿನ ಯಾರು ಏನು ಕೊಂಡರು ಎಂಬ ಕಲಿಕೆಯನ್ನು ಬಿಟ್ಟು ಬರಿಗೈಯಲ್ಲಿ ಹೊರಡಬೇಕು. ಕೆಲವು ಏಜೆನ್ಸಿಗಳು ಗ್ರಾಹಕರು ಬಿಟ್ಟುಹೋಗದಿರಲೆಂದು ಬೇಕೆಂದೇ ಹೀಗೆ ಮಾಡುತ್ತವೆ. ಇದು ವ್ಯಾಪಾರದ ಜಾಣತನವಲ್ಲ, ಒತ್ತೆ ಇಟ್ಟುಕೊಳ್ಳುವುದು. ಇದರಲ್ಲಿ ಏಜೆನ್ಸಿಗೂ ಅಪಾಯವಿದೆ. ಒಬ್ಬ ಗ್ರಾಹಕರ ಜಾಹೀರಾತು ನಿಯಮ ಮೀರಿ ವೇದಿಕೆ ಏಜೆನ್ಸಿಯ ಪೋರ್ಟ್‌ಫೋಲಿಯೊವನ್ನೇ ನಿರ್ಬಂಧಿಸಿದರೆ ಉಳಿದ ಮೂವತ್ತೊಂಬತ್ತು ಗ್ರಾಹಕರ ಕೆಲಸವೂ ನಿಲ್ಲುತ್ತದೆ.

ಸರಿಯಾದ ದಾರಿ ಕಷ್ಟದ್ದೇನಲ್ಲ. ದಾವಣಗೆರೆಯ ಅಂಗಡಿಯವರು ತಮ್ಮದೇ ಬಿಸಿನೆಸ್ ಪೋರ್ಟ್‌ಫೋಲಿಯೊ ತೆರೆಯಬೇಕು. ಅದರಲ್ಲಿ ಪುಟ, ಜಾಹೀರಾತು ಖಾತೆ, ಪಿಕ್ಸೆಲ್ ಎಲ್ಲವೂ ಅವರ ಹೆಸರಿನಲ್ಲಿರಬೇಕು. ಏಜೆನ್ಸಿ ತನ್ನ ಬಿಸಿನೆಸ್ ಐಡಿ ಸಂಖ್ಯೆ ಕೊಡಬೇಕು, ಅಂಗಡಿಯವರು ಸೆಟ್ಟಿಂಗ್ಸ್‌ನ Partners ಭಾಗದಲ್ಲಿ ಆ ಸಂಖ್ಯೆ ಹಾಕಿ ತಮ್ಮ ಖಾತೆಯನ್ನು ಹಂಚಿಕೊಳ್ಳಬೇಕು. ಹಂಚುವಾಗ ಪೂರ್ಣ ನಿಯಂತ್ರಣ ಕೊಡದೆ, ಕ್ಯಾಂಪೇನ್ ನಡೆಸುವ ಮತ್ತು ಫಲಿತಾಂಶ ನೋಡುವ ಅಧಿಕಾರ ಮಾತ್ರ ಕೊಡಬೇಕು. ಪಾಸ್‌ವರ್ಡ್ ಕೈ ಬದಲಾಗುವುದಿಲ್ಲ, ಓಟಿಪಿ ಬರುವುದಿಲ್ಲ. ಒಪ್ಪಂದ ಮುಗಿದ ದಿನ ಅಂಗಡಿಯವರು ಆ Partners ಭಾಗದಿಂದ ಏಜೆನ್ಸಿಯ ಹೆಸರು ತೆಗೆದರೆ ಸಾಕು, ಏಜೆನ್ಸಿಯ ಹನ್ನೆರಡು ಜನರೂ ಒಟ್ಟಿಗೆ ಹೊರಗೆ. ಮೆಟಾದ ಅಧಿಕಾರಗಳು ಒಬ್ಬೊಬ್ಬರ ಸ್ವಂತ ಫೇಸ್‌ಬುಕ್ ಪ್ರೊಫೈಲಿಗೆ ಅಂಟಿಕೊಂಡಿರುವುದರಿಂದ ಅಂಗಡಿಯ ಕಡೆಯಿಂದ ಇಬ್ಬರಾದರೂ ಅಡ್ಮಿನ್ ಇರಬೇಕು. ಯಜಮಾನರೊಬ್ಬರೇ ಇದ್ದು ಅವರ ಪ್ರೊಫೈಲ್ ಲಾಕ್ ಆದರೆ ಖಾತೆಯೂ ಅದರ ಜೊತೆಗೆ ಹೋಯಿತು. ಇಡೀ ಆಫೀಸಿಗೆಂದು ಒಂದು ಸುಳ್ಳು ಹೆಸರಿನ ಪ್ರೊಫೈಲ್ ಮಾಡಿ ಎಲ್ಲರೂ ಅದರಲ್ಲೇ ಲಾಗಿನ್ ಆಗುವ ಪದ್ಧತಿ ಅನೇಕ ಕಡೆ ಇದೆ. ನಿಯಮದ ಪ್ರಕಾರ ಅದು ನಿಷಿದ್ಧ, ಯಾವಾಗ ಬೇಕಾದರೂ ರದ್ದಾಗಬಹುದು. ಅದಕ್ಕಿಂತ ಮುಖ್ಯವಾಗಿ, ಏನಾದರೂ ಆದಾಗ ಮಾಡಿದವರು ಯಾರೆಂದು ತಿಳಿಯುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ.

ಗೂಗಲ್‌ನಲ್ಲೂ ಇದೇ ಕ್ರಮ. ಖಾತೆಯನ್ನು ಅಂಗಡಿಯವರ ಇಮೇಲ್‌ನಿಂದ ತೆರೆಯಬೇಕು, ಏಜೆನ್ಸಿ ಹತ್ತಂಕಿಯ ಗ್ರಾಹಕ ಸಂಖ್ಯೆ ಪಡೆದು ತನ್ನ ಎಂಸಿಸಿಯಿಂದ ಜೋಡಣೆಯ ಕೋರಿಕೆ ಕಳಿಸಬೇಕು, ಅಂಗಡಿಯವರು Access and security ಎಂಬಲ್ಲಿ ಹೋಗಿ ಒಪ್ಪಬೇಕು. ಎಂಸಿಸಿಯ ಒಳಗಿನಿಂದಲೇ ಹೊಸ ಖಾತೆ ಮಾಡಿದರೆ ಆ ಎಂಸಿಸಿ ತಾನಾಗಿಯೇ ಅದರ ಆಡಳಿತದ ಮಾಲೀಕನಾಗುತ್ತದೆ, ಯಾರನ್ನು ಸೇರಿಸಬೇಕು ಯಾರನ್ನು ತೆಗೆಯಬೇಕು ಎಂಬುದೂ ಅದರ ಕೈಯಲ್ಲಿ. ತುಂಬಾ ಏಜೆನ್ಸಿಗಳಿಗೆ ಇದು ಗೊತ್ತಿಲ್ಲದೆಯೇ ಆಗಿಹೋಗಿರುತ್ತದೆ.

ಏಜೆನ್ಸಿಯ ಒಳಗೆ ಮಾಡಬೇಕಾದ ಬದಲಾವಣೆಯೂ ಸರಳ. ಎಂಸಿಸಿಯ ಕೆಳಗೆ ಉಪ ಮ್ಯಾನೇಜರ್ ಖಾತೆಗಳನ್ನು ಮಾಡಲು ಗೂಗಲ್ ಅವಕಾಶ ಕೊಟ್ಟಿದೆ. ನಲವತ್ತು ಗ್ರಾಹಕರನ್ನು ನಾಲ್ಕು ತಂಡಗಳಿಗೆ ಹತ್ತು ಹತ್ತರಂತೆ ಹಂಚಿ, ಆಯಾ ತಂಡದವರಿಗೆ ಆ ಉಪ ಖಾತೆಗೆ ಮಾತ್ರ, ಅದೂ ಸ್ಟ್ಯಾಂಡರ್ಡ್ ಮಟ್ಟದ ಅಧಿಕಾರ ಕೊಡಬೇಕು. ಸ್ಟ್ಯಾಂಡರ್ಡ್ ಇರುವವರು ಜಾಹೀರಾತಿನ ಕೆಲಸವೆಲ್ಲ ಮಾಡಬಹುದು, ಆದರೆ ಹೊಸಬರನ್ನು ಖಾತೆಗೆ ಸೇರಿಸಲಾರರು. ಕಳ್ಳರ ಮೊದಲ ಹೆಜ್ಜೆಯೇ ತಮ್ಮನ್ನು ತಾವು ಸೇರಿಸಿಕೊಳ್ಳುವುದಲ್ಲವೇ, ಆ ಹೆಜ್ಜೆ ಅಲ್ಲಿಗೆ ಮುರಿಯುತ್ತದೆ. ಮೇಲಿನ ಎಂಸಿಸಿಯಲ್ಲಿ ಅಡ್ಮಿನ್ ಆಗಿ ಇಬ್ಬರು ಇದ್ದರೆ ಸಾಕು, ಅವರೂ ದಿನದ ಕೆಲಸಕ್ಕೆ ಬೇರೆ ಲಾಗಿನ್ ಬಳಸಬೇಕು. ಸಿ.ವಿ. ತೆರೆಯುವ, ಗ್ರಾಹಕರ ಫೈಲು ಇಳಿಸುವ ಲ್ಯಾಪ್‌ಟಾಪಿನಲ್ಲಿ ಆ ಅಡ್ಮಿನ್ ಲಾಗಿನ್ ಎಂದೂ ತೆರೆದಿರಬಾರದು. ನಲವತ್ತು ಖಾತೆ ಹೋಗಬೇಕಾದಲ್ಲಿ ಹತ್ತಕ್ಕೆ ನಿಲ್ಲುವುದು, ಆ ಹತ್ತರಲ್ಲೂ ಕಳ್ಳ ಕಾಯಂ ಆಗಿ ಕೂರಲಾಗದಿರುವುದು ಸಣ್ಣ ವ್ಯತ್ಯಾಸವಲ್ಲ.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ, ಅದನ್ನು ಮರೆಮಾಚಬಾರದು. ಸ್ಟ್ಯಾಂಡರ್ಡ್ ಅಧಿಕಾರ ಇರುವವರು ಬಜೆಟ್ ಏರಿಸಬಲ್ಲರು. ಅದಿಲ್ಲದಿದ್ದರೆ ಅವರ ಕೆಲಸವೇ ನಡೆಯದು. ಆದ್ದರಿಂದ ಅವರ ಸೆಷನ್ ಕದ್ದವನೂ ಏರಿಸಬಲ್ಲ. ಅಧಿಕಾರದ ಹಂಚಿಕೆಯಿಂದ ಕಳ್ಳ ಎಷ್ಟು ಮನೆ ಹೊಕ್ಕಾನು ಎಂಬುದನ್ನು ಕಟ್ಟಿಹಾಕಬಹುದು, ಒಂದೊಂದು ಮನೆಯಿಂದ ಎಷ್ಟು ಒಯ್ದಾನು ಎಂಬುದನ್ನು ಕಟ್ಟಿಹಾಕುವುದು ಹಣ ಪಾವತಿಯ ವ್ಯವಸ್ಥೆ. ನಮ್ಮಲ್ಲಿ ಅತಿ ಹೆಚ್ಚು ಉದಾಸೀನ ಇರುವುದೂ ಇಲ್ಲಿಯೇ.

ಲೆಕ್ಕ ಹಾಕಿ ನೋಡೋಣ. ಸೀರೆ ಅಂಗಡಿಯ ದಿನದ ಬಜೆಟ್ 2,000 ರೂಪಾಯಿ. ಪಾವತಿಗೆ ಕ್ರೆಡಿಟ್ ಕಾರ್ಡ್ ಜೋಡಿಸಿದೆ, ಖರ್ಚಿಗೆ ಮೇಲ್ಮಿತಿ ಇಲ್ಲ. ಶನಿವಾರ ರಾತ್ರಿ 11 ಗಂಟೆಗೆ ಕಳ್ಳರು ಒಳಗೆ ಬಂದು ದಿನಕ್ಕೆ 50,000 ರೂಪಾಯಿಯ ಹೊಸ ಕ್ಯಾಂಪೇನ್ ಹಾಕುತ್ತಾರೆ. ಶನಿವಾರ ರಾತ್ರಿಯೇ ಯಾಕೆಂದರೆ ಭಾನುವಾರ ಆಫೀಸಿನಲ್ಲಿ ಯಾರೂ ಇರುವುದಿಲ್ಲ. ಸೋಮವಾರ ಬೆಳಿಗ್ಗೆ 10 ಗಂಟೆಗೆ ಯಾರಾದರೂ ನೋಡುವ ಹೊತ್ತಿಗೆ 35 ಗಂಟೆ, ಸುಮಾರು ಒಂದೂವರೆ ದಿನ. ಒಂದು ಖಾತೆಯಿಂದ 75,000 ರೂಪಾಯಿಯಷ್ಟು ಹೋಗಿರುತ್ತದೆ. ಇಂಥ ಹತ್ತು ಖಾತೆಯಾದರೆ ಏಳೂವರೆ ಲಕ್ಷ. ಮೆಟಾದಲ್ಲಿ ಇಡೀ ಖಾತೆಗೆ ಒಂದು ಖರ್ಚಿನ ಮಿತಿ ಹಾಕುವ ವ್ಯವಸ್ಥೆ ಇದೆ. ಮಿತಿ ಮುಟ್ಟಿದ ಕೂಡಲೇ ಎಲ್ಲ ಜಾಹೀರಾತುಗಳೂ ನಿಲ್ಲುತ್ತವೆ. ಅಂಗಡಿಯವರು 70,000 ಮಿತಿ ಹಾಕಿದ್ದು, ಅದರಲ್ಲಿ 40,000 ಆಗಲೇ ಖರ್ಚಾಗಿದ್ದರೆ ನಷ್ಟ 30,000ಕ್ಕೆ ನಿಲ್ಲುತ್ತದೆ. ಆದರೆ ಈ ಮಿತಿಯನ್ನು ಪೂರ್ಣ ನಿಯಂತ್ರಣ ಇರುವವರು ಬದಲಿಸಬಹುದು. ಏಜೆನ್ಸಿಗೆ ಪೂರ್ಣ ನಿಯಂತ್ರಣ ಕೊಡಬಾರದೆಂದು ಮೇಲೆ ಹೇಳಿದ್ದು ಇದಕ್ಕೇ. ಮಿತಿ ಹಾಕುವ ಕೈಯೂ ಖರ್ಚು ಮಾಡುವ ಕೈಯೂ ಒಂದೇ ಆದರೆ ಮಿತಿಗೆ ಅರ್ಥವಿಲ್ಲ.

ಇನ್ನೂ ಗಟ್ಟಿಯಾದ ಉಪಾಯ ಮುಂಗಡ ಪಾವತಿ. ಯುಪಿಐ ಅಥವಾ ನೆಟ್ ಬ್ಯಾಂಕಿಂಗ್‌ನಿಂದ ವಾರಕ್ಕೆ ಬೇಕಾದಷ್ಟು ಹಣ ತುಂಬಿಸಿದರೆ ಕಳ್ಳರು ಬಜೆಟ್ ಒಂದು ಕೋಟಿ ಎಂದು ಬರೆದರೂ ಹೋಗುವುದು ಖಾತೆಯಲ್ಲಿ ಆಗ ಉಳಿದಿರುವ, 9,000 ರೂಪಾಯಿ ಎಂದಿಟ್ಟುಕೊಳ್ಳಿ, ಅಷ್ಟು ಮಾತ್ರ. ಹಣ ತುಂಬಲು ಮರೆತರೆ ಜಾಹೀರಾತು ನಿಲ್ಲುತ್ತದೆ ಎಂಬ ತೊಂದರೆ ನಿಜ. ವಾರಕ್ಕೊಮ್ಮೆ ನೆನಪು ಮಾಡುವ ಕೆಲಸ ಏಜೆನ್ಸಿಯದಾಗಲಿ. ಖಾತೆ ತೆರೆಯುವಾಗಲೇ ಈ ಬಗೆಯನ್ನು ಆರಿಸಿಕೊಳ್ಳಬೇಕು, ಕಾರ್ಡ್ ಪಾವತಿಯಿಂದ ಇದಕ್ಕೆ ಬದಲಾಗಲು ಆಮೇಲೆ ಎಲ್ಲ ಖಾತೆಗಳಲ್ಲೂ ಅವಕಾಶ ಸಿಗುವುದಿಲ್ಲ. ಗೂಗಲ್‌ನಲ್ಲಿ ದಿನದ ಬಜೆಟ್ ಎಂಬುದು ಸರಾಸರಿಯೇ ಹೊರತು ಮಿತಿಯಲ್ಲ ಎಂಬುದೂ ಗ್ರಾಹಕರಿಗೆ ತಿಳಿದಿರಬೇಕು. ಒಂದೊಂದು ದಿನ ಅದರ ಎರಡರಷ್ಟು ಖರ್ಚಾಗಬಹುದು, ತಿಂಗಳ ಲೆಕ್ಕ 30.4ರ ಗುಣಾಕಾರದಲ್ಲಿ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳದ ಏಜೆನ್ಸಿ ಒಂದು ಸಾಧಾರಣ ಏರಿಳಿತಕ್ಕೂ ಕಳವಿಗೂ ವ್ಯತ್ಯಾಸ ತಿಳಿಯದ ಗ್ರಾಹಕರನ್ನು ಬೆಳೆಸುತ್ತದೆ.

ಏಜೆನ್ಸಿಯ ಕಾರ್ಡನ್ನೇ ಎಲ್ಲ ಗ್ರಾಹಕರ ಖಾತೆಗೂ ಜೋಡಿಸುವ ರೂಢಿಯಂತೂ ನಿಲ್ಲಲೇಬೇಕು. ಒಂದು ಖಾತೆಯಲ್ಲಿ ಕಳವಾಗಿ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿದರೆ ನಲವತ್ತು ಗ್ರಾಹಕರ ಜಾಹೀರಾತೂ ನಿಲ್ಲುತ್ತದೆ, ಬಾಕಿ ಉಳಿದ ಖಾತೆಗಳ ಮೇಲೆ ವೇದಿಕೆಯ ಸಂಶಯ ಬೀಳುತ್ತದೆ. ಜೊತೆಗೆ ತೆರಿಗೆಯ ನಷ್ಟ ಬೇರೆ. ಅಂಗಡಿಯವರು ತಿಂಗಳಿಗೆ ಒಂದು ಲಕ್ಷದ ಜಾಹೀರಾತು ಕೊಟ್ಟರೆ ಶೇ 18 ಜಿಎಸ್‌ಟಿ ಸೇರಿ 1,18,000ದ ಬಿಲ್ ಬರುತ್ತದೆ. ಖಾತೆಯಲ್ಲಿ ನಮೂದಿಸಿದ ಜಿಎಸ್‌ಟಿ ಸಂಖ್ಯೆ ಏಜೆನ್ಸಿಯದಾದರೆ ಆ 18,000ದ ಹೂಡುವಳಿ ತೆರಿಗೆಯ ಜಮೆ ಏಜೆನ್ಸಿಯ ಹೆಸರಿಗೆ ಹೋಗುತ್ತದೆ. ಏಜೆನ್ಸಿ ಆ ಖರ್ಚನ್ನೂ ತನ್ನ ಶುಲ್ಕವನ್ನೂ ಸೇರಿಸಿ ತೆರಿಗೆ ಬಿಲ್ ಕೊಟ್ಟರೆ ಸರಿ. ಬರೇ ಬ್ಯಾಂಕ್ ಖಾತೆಗೆ 1,18,000 ಹಾಕಿಸಿಕೊಂಡು ಒಂದು ಸ್ಕ್ರೀನ್‌ಶಾಟ್ ಕಳಿಸಿದರೆ ಅಂಗಡಿಯವರು ಪ್ರತಿ ತಿಂಗಳೂ 18,000 ಕಳೆದುಕೊಳ್ಳುತ್ತಿದ್ದಾರೆ, ಕಳ್ಳರೇ ಬೇಕಿಲ್ಲ. ಗ್ರಾಹಕರ ಖಾತೆಯಲ್ಲಿ ಗ್ರಾಹಕರ ಜಿಎಸ್‌ಟಿ ಸಂಖ್ಯೆ, ಗ್ರಾಹಕರ ಹಣ, ಗ್ರಾಹಕರ ಹೆಸರಿಗೇ ಬಿಲ್. ಏಜೆನ್ಸಿಯಿಂದ ಅದರ ಶುಲ್ಕದ ಬಿಲ್ ಬೇರೆ. ಹೀಗಿದ್ದರೆ ಯಾರ ದುಡ್ಡು ಎಲ್ಲಿ ಹೋಯಿತೆಂಬ ಪ್ರಶ್ನೆಯೇ ಏಳದು.

ಕೆಲಸ ಬಿಟ್ಟುಹೋದವರ ಅಧಿಕಾರ ತೆಗೆಯುವುದು ಎಲ್ಲರಿಗೂ ಗೊತ್ತಿರುವ, ಯಾರೂ ಪೂರ್ತಿ ಮಾಡದ ಕೆಲಸ. ಗೂಗಲ್‌ನಲ್ಲಿ ಒಂದು ಅಡಗಿದ ತೊಡಕಿದೆ. ಜಾಹೀರಾತು ಖಾತೆಯ ಬಳಕೆದಾರರ ಪಟ್ಟಿಯೂ ಪಾವತಿ ಪ್ರೊಫೈಲಿನ ಬಳಕೆದಾರರ ಪಟ್ಟಿಯೂ ಬೇರೆ ಬೇರೆ. ಮೊದಲನೆಯದರಿಂದ ಒಬ್ಬರನ್ನು ತೆಗೆದರೆ ಎರಡನೆಯದರಿಂದ ಅವರು ಹೋಗಿರುವುದಿಲ್ಲ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರು ಇಂದಿಗೂ ಅಂಗಡಿಯ ಪಾವತಿಯ ವಿವರ ನೋಡುತ್ತಿರಬಹುದು. ಯಾರೂ ಕೆಟ್ಟವರಲ್ಲದಿರಬಹುದು, ಆದರೆ ಅವರ ಹಳೆಯ ಲ್ಯಾಪ್‌ಟಾಪು ಈಗ ಯಾರ ಬಳಿ ಇದೆ? ಸಿಬ್ಬಂದಿಯ ಕೊನೆಯ ಸಂಬಳದ ಲೆಕ್ಕ ಮುಗಿಯುವ ದಿನವೇ ಎರಡೂ ಪಟ್ಟಿಗಳನ್ನು ನೋಡಬೇಕು. ಎಲ್ಲರ ಲಾಗಿನ್‌ಗಳೂ ಏಜೆನ್ಸಿಯ ಸ್ವಂತ ಡೊಮೇನಿನ ಇಮೇಲ್ ಆಗಿದ್ದರೆ ಈ ಕೆಲಸ ಹಗುರ. ಗೂಗಲ್ ಆ್ಯಡ್ಸ್‌ನಲ್ಲಿ ಯಾವ ಡೊಮೇನಿನ ವಿಳಾಸಗಳನ್ನು ಮಾತ್ರ ಆಹ್ವಾನಿಸಬಹುದು ಎಂದು ನಿಗದಿ ಮಾಡಲು ಬರುತ್ತದೆ. ಹಾಗೆ ಮಾಡಿದರೆ ಬೀದಿಯ ಯಾವುದೋ ಜಿಮೇಲ್ ವಿಳಾಸವನ್ನು ಸೇರಿಸುವ ಪ್ರಯತ್ನ ಅಲ್ಲಿಗೇ ನಿಲ್ಲುತ್ತದೆ.

ಕಳವು ಆದಾಗ ಗೊತ್ತಾಗುವುದು ಹೇಗೆ? ಹೊಸ ಬಳಕೆದಾರರನ್ನು ಸೇರಿಸಲಾಗಿದೆ ಎಂಬ ಇಮೇಲ್ ಎಲ್ಲಕ್ಕಿಂತ ಮೊದಲು ಬರುತ್ತದೆ, ನೂರು ಪ್ರಚಾರದ ಇಮೇಲ್‌ಗಳ ನಡುವೆ ಹೂತುಹೋಗುತ್ತದೆ. ಅದನ್ನು ಬೇರೆ ಪೆಟ್ಟಿಗೆಗೆ ಹಾಕಿ ಮೊಬೈಲಿನಲ್ಲಿ ಸದ್ದು ಮಾಡುವಂತೆ ಇಟ್ಟುಕೊಳ್ಳಬೇಕು. ಗೂಗಲ್‌ನ Change history ಎರಡು ವರ್ಷದವರೆಗಿನ ಬದಲಾವಣೆಗಳನ್ನು ಯಾರು, ಯಾವಾಗ, ಏನು ಎಂದು ತೋರಿಸುತ್ತದೆ. ದಾವಣಗೆರೆಯ ಅಂಗಡಿಯ ಖಾತೆಯಲ್ಲಿ ಬೇರೆ ದೇಶಕ್ಕೆ ಗುರಿಯಿಟ್ಟ ಕ್ಯಾಂಪೇನ್, ನಡುರಾತ್ರಿ ಏರಿದ ಬಜೆಟ್, ಯಾರೂ ಗುರುತಿಸದ ಪಾರ್ಟ್‌ನರ್ ಬಿಸಿನೆಸ್, ಇವು ಕಂಡರೆ ಯೋಚಿಸುತ್ತ ಕೂರಬಾರದು. ವಾರಾಂತ್ಯಕ್ಕೂ ಒಬ್ಬರು ದಿನಕ್ಕೆರಡು ಬಾರಿ ಇದನ್ನು ನೋಡುವ ಪಾಳಿ ಇರಬೇಕು.

ಕಳವು ಗೊತ್ತಾದಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ. ಸೋಂಕು ತಗುಲಿದ ಅದೇ ಲ್ಯಾಪ್‌ಟಾಪಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸುವುದು. ಹೊಸ ಪಾಸ್‌ವರ್ಡೂ ಕಳ್ಳರಿಗೆ ತಲುಪುತ್ತದೆ. ಆ ಯಂತ್ರವನ್ನು ಇಂಟರ್ನೆಟ್‌ನಿಂದ ಬಿಡಿಸಿ ಬದಿಗಿಟ್ಟು, ಬೇರೆ ಶುದ್ಧ ಯಂತ್ರದಿಂದ ಎಲ್ಲ ಸೆಷನ್‌ಗಳನ್ನೂ ಸೈನ್ ಔಟ್ ಮಾಡಬೇಕು. ಕದ್ದ ಕುಕಿ ಸಾಯುವುದು ಆಗಲೇ. ಆಮೇಲೆ ಪಾಸ್‌ವರ್ಡ್, ಆಮೇಲೆ ಅಪರಿಚಿತ ಬಳಕೆದಾರರು, ಪಾರ್ಟ್‌ನರ್‌ಗಳು, ಜೋಡಿಸಿದ ಆ್ಯಪ್‌ಗಳನ್ನು ತೆಗೆಯುವುದು. ಮೋಸದ ಕ್ಯಾಂಪೇನುಗಳನ್ನು ಅಳಿಸಬಾರದು, ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಹಣ ವಾಪಸು ಕೇಳುವಾಗ ಅದೇ ಸಾಕ್ಷಿ. ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ, 1930ಕ್ಕೆ ಕರೆ ಮಾಡಿ cybercrime.gov.in ನಲ್ಲಿ ದೂರು ದಾಖಲಿಸಬೇಕು. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಾಮಾಜಿಕ ಜಾಲತಾಣದ ಖಾತೆಗೆ ಅನಧಿಕೃತ ಪ್ರವೇಶವಾದದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ವರದಿ ಮಾಡಬೇಕು. ನಾವು ಮಾತಾಡಿಸಿದ ಏಜೆನ್ಸಿಗಳಲ್ಲಿ ಹಲವರಿಗೆ ಈ ನಿರ್ದೇಶನ ಇರುವುದೇ ತಿಳಿದಿರಲಿಲ್ಲ. ಗ್ರಾಹಕರಿಗೆ ಹೇಳುವುದನ್ನಂತೂ ಎಲ್ಲರೂ ಕೊನೆಗೆ ಉಳಿಸಿಕೊಳ್ಳುತ್ತಾರೆ, ಹೆಸರು ಕೆಡುತ್ತದೆಂಬ ಭಯಕ್ಕೆ. ಆ ತಡದಲ್ಲೇ ಗ್ರಾಹಕರ ಗಿರಾಕಿಗಳು ಮೋಸ ಹೋಗುತ್ತಾರೆ.

ವೇದಿಕೆಗಳ ಹೊಣೆಯೂ ಕಡಿಮೆಯಿಲ್ಲ. ದಿನಕ್ಕೆ 2,000 ಖರ್ಚು ಮಾಡುತ್ತಿದ್ದ ಖಾತೆ ಒಂದೇ ರಾತ್ರಿಯಲ್ಲಿ 50,000ಕ್ಕೆ ಏರಿದಾಗ, ಅದೇ ಗಂಟೆಯಲ್ಲಿ ಹೊಸ ಅಡ್ಮಿನ್ ಸೇರಿದಾಗ, ಕೆಲವು ಗಂಟೆ ತಡೆಹಿಡಿದು ಮಾಲೀಕರನ್ನು ಕೇಳುವುದು ಅವರಿಗೆ ಅಸಾಧ್ಯವೇನಲ್ಲ. ಈ ಖರ್ಚಿನಿಂದ ಆದಾಯ ಬರುವುದು ಅವರಿಗೇ ಆದ್ದರಿಂದ ಈ ಮಾತನ್ನು ಹೊರಗಿನವರು ಮತ್ತೆ ಮತ್ತೆ ಹೇಳಬೇಕಾಗಿದೆ. ದೂರು ಕೊಟ್ಟವರಿಗೆ ಕನ್ನಡದಲ್ಲಿ ಮಾತಾಡುವ ಒಬ್ಬ ಮನುಷ್ಯ ಸಿಗಬೇಕೆಂಬುದೂ ಅತಿಯಾದ ಬೇಡಿಕೆಯಲ್ಲ.

ಆದರೆ ವೇದಿಕೆಗಳು ಬದಲಾಗುವ ತನಕ ಕಾಯಲು ಸಮಯವಿಲ್ಲ. ನಮ್ಮ ರಾಜ್ಯದ ಎಫ್‌ಕೆಸಿಸಿಐ, ಕಾಸಿಯಾದಂಥ ಸಂಸ್ಥೆಗಳು ತಮ್ಮ ಸದಸ್ಯರಿಗಾಗಿ ಏಜೆನ್ಸಿ ಒಪ್ಪಂದದ ಒಂದು ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಬಹುದು. ಜಾಹೀರಾತು ಖಾತೆ, ಪುಟ, ಪಿಕ್ಸೆಲ್, ಪಾವತಿ ಪ್ರೊಫೈಲ್ ಇವೆಲ್ಲ ಗ್ರಾಹಕರ ಸ್ವತ್ತು ಎಂದು ಅದರಲ್ಲಿ ಬರೆದಿರಬೇಕು. ಏಜೆನ್ಸಿಯ ಯಾವ ಯಾವ ಸಿಬ್ಬಂದಿಗೆ ಯಾವ ಮಟ್ಟದ ಅಧಿಕಾರವಿದೆ ಎಂಬ ಪಟ್ಟಿ ಮೂರು ತಿಂಗಳಿಗೊಮ್ಮೆ ಗ್ರಾಹಕರ ಕೈ ಸೇರಬೇಕು. ಅನಧಿಕೃತ ಪ್ರವೇಶ ಗೊತ್ತಾದರೆ ಅದೇ 6 ಗಂಟೆಯೊಳಗೆ ಗ್ರಾಹಕರಿಗೂ ತಿಳಿಸಬೇಕು, ಏಜೆನ್ಸಿಯ ಅಜಾಗ್ರತೆಯಿಂದಾದ ಖರ್ಚನ್ನು ಏಜೆನ್ಸಿಯೇ ಭರಿಸಬೇಕು. ಒಪ್ಪಂದ ಮುಗಿದ ಏಳು ದಿನದೊಳಗೆ ಎರಡೂ ಕಡೆಯವರು ಒಟ್ಟಿಗೆ ಕೂತು ಬಳಕೆದಾರರ ಪಟ್ಟಿ ತೆರೆದು, ಹೆಸರುಗಳನ್ನು ಒಂದೊಂದಾಗಿ ತೆಗೆದು, ಅದಕ್ಕೆ ಸಹಿ ಹಾಕಬೇಕು. ದಾವಣಗೆರೆಯ ಅಂಗಡಿಯವರು ಕಾಗದ ಮುಂದಿಟ್ಟು ಸಹಿ ಕೇಳಿದಾಗ, ಹಾಕಲು ಹಿಂಜರಿಯುವ ಏಜೆನ್ಸಿಗೆ ಖಾತೆ ಕೊಡಬಾರದು.